ಭಾನುಪ್ರಿಯಳ ಕನ್ಫರ್ಮ್ ಆಗದ ಭಾನುವಾರ

ಬಿಡದಿಯಲ್ಲಿ ಬಿಡಿಭಾಗ ಮಾಡುವ ಕಾರ್ಖಾನೆಗಳಿಗೆ ಬರವಿಲ್ಲ. ಅಂಥದ್ದೊಂದರಲ್ಲಿ ಬೈರಮಂಗಲದ ಭಾನುಪ್ರಿಯಳಿಗೆ ಇನ್‌ಸ್ಪೆಕ್ಷನ್ ಕೆಲಸ. ಬ್ರೇಕಿನ ತುಂಡುಗಳನ್ನು ಗೇಜಿಗೆ ಹಿಡಿದು ಅಳೆಯುವುದು, ಸರಿಯಿದ್ದರೆ ಹಸಿರು ಟ್ರೇ, ಇಲ್ಲದಿದ್ದರೆ ಕೆಂಪು ಟ್ರೇ. ಅವಳು ತುಂಡುಗಳನ್ನು ಅಳೆಯುತ್ತಿದ್ದಳು, ಕಂಪನಿ ಅವಳನ್ನು ಅಳೆಯುತ್ತಿತ್ತು. ಈ ಎರಡನೆಯದಕ್ಕೆ ಪ್ರೊಬೇಷನ್ ಎಂದು ಹೆಸರು. ಅವಧಿ ಆರು ತಿಂಗಳು.

ಆ ಆರು ತಿಂಗಳು ಅವಳ ಬಾಯಲ್ಲಿ ಇದ್ದದ್ದು ಎರಡೇ ಪದ: ‘ಆಯ್ತು ಸಾರ್’. ಶಿಫ್ಟ್ ಬದಲಾಯಿಸಿದರೆ ಆಯ್ತು ಸಾರ್. ಭಾನುವಾರ ಬಾ ಅಂದರೆ ಆಯ್ತು ಸಾರ್. ಒಮ್ಮೆ ಜ್ವರ ಬಂದಾಗ ಮನೆಯಲ್ಲಿ ಮಲಗಿಯೂ ಹಾಗೇ ಅಂದಳಂತೆ.

ಅವಳ ತಾಯಿ ಕೆಂಚಮ್ಮ ರೇಷ್ಮೆ ಹುಳ ಸಾಕುವವಳು. ಆರು ತಿಂಗಳು ಮುಗಿದ ದಿನ ಬೀದಿಗೆಲ್ಲ ಒಬ್ಬಟ್ಟು ಹಂಚಿದಳು.

“ಅವ್ವ, ಕಂಪನಿಯೋರು ಇನ್ನೂ ಏನೂ ಹೇಳಿಲ್ಲ.”

“ಹೇಳೋದೇನೈತೆ? ದಿನ ತುಂಬಿದ್ ಮೇಲೆ ಹುಳ ಗೂಡು ಕಟ್ಟಕ್ಕೆ ಯಾರ್ನಾದ್ರೂ ಕೇಳ್ತದಾ? ನೀನು ಪರ್ಮನೆಂಟು, ಸುಮ್ಕಿರು.”

ಭಾನುಪ್ರಿಯ ನಂಬಿದಳು. ಹುಳದ ವಿಷಯದಲ್ಲಿ ಅವ್ವ ಯಾವತ್ತೂ ತಪ್ಪಿರಲಿಲ್ಲ.

ಆ ಶುಕ್ರವಾರ ಲೈನ್ ಸೂಪರ್‌ವೈಸರ್ ಮಹೇಂದ್ರ ಬಂದ. “ಭಾನು, ಸಂಡೇ ಬಂದ್ಬುಡಮ್ಮ. ಅರ್ಜೆಂಟ್ ಲಾಟ್ ಐತೆ.”

“ಆಗಲ್ಲ ಸಾರ್.”

ಗೇಜು ಮಾತಾಡಿದ್ದರೂ ಮಹೇಂದ್ರ ಅಷ್ಟು ಬೆಚ್ಚುತ್ತಿರಲಿಲ್ಲ. “ಏನಂದೆ?”

“ಸಂಡೇ ನಮ್ಮನೇಲಿ ಹುಳ ಹಣ್ಣಾಗ್ತವೆ ಸಾರ್. ಅವತ್ತೇ ಗೂಡು ಕಟ್ಟೋ ಬಿದಿರಿನ ಚಂದ್ರಿಕೆಗೆ ಬಿಡ್ದೇ ಇದ್ರೆ ಸೊಪ್ಪಿನ ಮೇಲೇ ನೂಲು ಸುರಿಸಿ ಹಾಳಾಗ್ತವೆ. ಅವ್ವ ಒಬ್ಳೇ. ಅಲ್ದೆ ನಂದು ಕನ್ಫರ್ಮ್ ಆಯ್ತಲ್ಲ ಮೊನ್ನೆ.”

“ಯಾರ್ ಹೇಳಿದ್ರು?”

“ನಮ್ಮವ್ವ.”

ಮಹೇಂದ್ರ ತಿರುಗಿ ತನ್ನ ಮೇಜಿನ ಕಡೆ ಹೋದ. ಪಕ್ಕದ ಬೆಂಚಿನ ಮಮತಾ ಕನ್ಫರ್ಮ್ ಆಗಿ ನಾಲ್ಕು ವರ್ಷವಾದವಳು, ನಿಧಾನಕ್ಕೆ ತಲೆ ಎತ್ತಿದಳು. “ಆರ್ಡರ್ ಬಂತೇನೆ ಕೈಗೆ?”

“ಇಲ್ಲಕ್ಕ.”

“ಮತ್ತೆ ಯಾವ ಧೈರ್ಯದ ಮೇಲೆ ಮಾತಾಡ್ದೆ? ಮೊದ್ಲು ಎಚ್‌ಆರ್‌ಗೆ ಹೋಗು.”

ಎಚ್‌ಆರ್‌ನಲ್ಲಿದ್ದ ಪದ್ಮಶ್ರೀ ಸೌಮ್ಯ ಸ್ವಭಾವದವಳು. ಕೆಟ್ಟ ಸುದ್ದಿಯನ್ನೂ ಬಸ್ಸಿನ ಟೈಮು ಹೇಳಿದಷ್ಟು ತಣ್ಣಗೆ ಹೇಳುತ್ತಿದ್ದಳು. “ಕಂಪನಿ ಬರೆದು ಕೊಡೋವರೆಗೂ ಪ್ರೊಬೇಷನ್ನೇ ಅಂತ ನಿಮ್ಮ ಅಪಾಯಿಂಟ್‌ಮೆಂಟ್ ಆರ್ಡರಲ್ಲೇ ಇದೆ. ಸೂಪರ್‌ವೈಸರ್ ರಿಪೋರ್ಟ್ ಇನ್ನೂ ಬಂದಿಲ್ಲ. ಅದನ್ನ ನೋಡಿ ಕನ್ಫರ್ಮ್ ಮಾಡ್ತಾರೆ, ಇಲ್ಲ ಮೂರು ತಿಂಗಳು ಮುಂದೆ ಹಾಕ್ತಾರೆ.”

“ಎರಡೂ ಮಾಡದಿದ್ರೆ ಮೇಡಂ?”

“ಹದಿನೈದು ದಿನದ ನೋಟಿಸ್ ಕೊಟ್ಟು ಕಳಿಸ್ತಾರೆ. ಕನ್ಫರ್ಮ್ ಆದವರನ್ನ ತಪ್ಪು ಮಾಡಿದ್ರು ಅಂತ ಕಳಿಸ್ಬೇಕಾದ್ರೆ ಚಾರ್ಜ್‌ಶೀಟು, ಎನ್‌ಕ್ವೈರಿ ಎಲ್ಲ ಇರುತ್ತೆ. ನಿಮಗೆ ಅಷ್ಟೆಲ್ಲ ಇಲ್ಲ.”

ಭಾನುಪ್ರಿಯ ನೇರ ಮಹೇಂದ್ರನ ಮೇಜಿನ ಮುಂದೆ ನಿಂತಳು. ರಿಪೋರ್ಟಿನ ಹಾಳೆ ಅವನ ಟೀ ಲೋಟದ ಕೆಳಗಿತ್ತು. ಮೇಲೆ ಅವಳ ಹೆಸರು, ಕೆಳಗೆ ಖಾಲಿ.

“ಬತ್ತೀನಿ ಸಾರ್ ಸಂಡೇ.”

“ಹುಳ?”

“ಹೋಗ್ಲಿ ಬುಡಿ ಸಾರ್.”

ಮಹೇಂದ್ರನೂ ರೇಷ್ಮೆ ಬೆಳೆಯುವ ಕನಕಪುರದ ಕಡೆಯವನು. ಹಣ್ಣಾದ ಹುಳವನ್ನು ಹೋಗಲಿ ಬಿಡು ಎನ್ನುವುದು ಎಂಥ ಮಾತು ಎಂದು ಅವನಿಗೆ ಗೊತ್ತಿತ್ತು. ಟೀ ಮುಗಿಸಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದ: “ನನ್ನನ್ನ ಸೂಪರ್‌ವೈಸರ್ ಮಾಡಿದ್ದು ಯುಗಾದಿ ಆದ್ಮೇಲೆ. ಪ್ರಮೋಷನ್ ಮೇಲೂ ಪ್ರೊಬೇಷನ್ ಐತೆ ಕಣಮ್ಮ. ಸರಿಹೋಗ್ಲಿಲ್ಲ ಅಂದ್ರೆ ವಾಪಸ್ ಮಿಷಿನ್‌ಗೆ. ಮ್ಯಾನೇಜರ್ ಸಂಡೇ ಅಂದ್ರು, ಆಯ್ತು ಸಾರ್ ಅಂದ್ಬುಟ್ಟೆ.”

“ಲಾಟ್ ಸಂಡೇನೇ ಬೇಕಂತಾ ಸಾರ್?”

“ಕೇಳ್ಲಿಲ್ಲ.”

“ಕೇಳಿ ಸಾರ್. ನಾಳೆ ಶಿಫ್ಟ್ ಆದ್ಮೇಲೆ ನಿಂತು ಅರ್ಧ ಮುಗಿಸ್ತೀನಿ. ಉಳಿದಿದ್ದು ಸೋಮವಾರ ಬೆಳಗ್ಗೆ.”

“ನಿಂಗೆ ಧೈರ್ಯ ಹೇಳಕ್ಕೆ ಅವ್ವ ಅವ್ರೆ. ನಮ್ಮವ್ವಂಗೆ ನಾನು ಮ್ಯಾನೇಜರ್ ಆಗಿವ್ನಿ ಅಂತ್ಲೇ ನಂಬ್ಕೆ.”

ಆದರೂ ಫೋನ್ ಮಾಡಿದ. ಮಾಡುವಾಗ ಎದ್ದು ನಿಂತಿದ್ದ. ಆ ಕಡೆಯಿಂದ ಮ್ಯಾನೇಜರ್, ಲಾರಿ ಬರುವುದೇ ಸೋಮವಾರ ಮಧ್ಯಾಹ್ನ, ಅಷ್ಟರೊಳಗೆ ಆದರೆ ಸಾಕು ಎಂದರು. ಮಹೇಂದ್ರ ಫೋನಿಟ್ಟು ಕೂತ. ಆಮೇಲೆ ಲೋಟ ಸರಿಸಿ ಪೆನ್ನು ತೆಗೆದ. ಏನು ಬರೆದನೆಂದು ತೋರಿಸಲಿಲ್ಲ; ಅದು ಗುಟ್ಟಂತೆ.

ಭಾನುವಾರ ತಾಯಿ ಮಗಳು ಬೆಳಗಿನಿಂದ ಹುಳ ಆರಿಸಿ ಚಂದ್ರಿಕೆಗೆ ಬಿಟ್ಟರು. ಕೆಲಸ ಹೋದರೂ ಹೋಗಬಹುದೆಂಬ ಮಾತನ್ನು ಮಗಳು ತಾಯಿಗೆ ಹೇಳಲಿಲ್ಲ.

ಕನ್ಫರ್ಮೇಷನ್ ಆರ್ಡರ್ ಬಂದಾಗ ಆ ಗೂಡು ರಾಮನಗರದ ಮಾರ್ಕೆಟ್ಟಿನಲ್ಲಿ ಹರಾಜಾಗಿ ಹೋಗಿತ್ತು. ಭಾನುಪ್ರಿಯ ಅವ್ವನ ಮುಂದೆ ಕೂತು ಓದಿ ಹೇಳಿದಳು: ರಜೆ ಜಾಸ್ತಿ, ಅವ್ವನಿಗೂ ಸೇರಿ ಆಸ್ಪತ್ರೆ ಕಾರ್ಡು, ಯೂನಿಯನ್ ಸೇರಬಹುದು. ಕೆಲಸ ಬಿಡುವುದಾದರೆ ಎರಡು ತಿಂಗಳು ಮೊದಲೇ ಹೇಳಬೇಕು.

“ಬುಡಕ್ಕೂ ಎಲ್ಡು ತಿಂಗ್ಳಾ? ಕೆಲ್ಸಕ್ಕೆ ಸೇರ್ದಾಗ ಹದಿನೈದು ದಿನ ಅಂದಿದ್ದೆ.”

“ಅದು ಕಾಯಂ ಆಗೋಕೆ ಮುಂಚೆ.”

“ಇದ್ಯಾವ ಸೀಮೆ ಬಡ್ತಿ. ಕಟ್ಟಾಕಂಡಂಗಾಯ್ತು.” ಕೆಂಚಮ್ಮ ಸೊಪ್ಪು ಕತ್ತರಿಸುತ್ತಾ ಯೋಚಿಸಿದಳು. “ಅವ್ರು ನಿನ್ನ ಬುಡುಸ್ಬೇಕಾದ್ರೆ?”

“ಅವ್ರೂ ಎರಡು ತಿಂಗಳು ಮುಂಚೆ ಹೇಳ್ಬೇಕು.”

“ಹಂಗಾದ್ರೆ ಒಸಿ ಮಲೀಕೊ ಹೋಗು,” ಅಂದಳು ಕೆಂಚಮ್ಮ.

ಭಾನುಪ್ರಿಯ ಮಟಮಟ ಮಧ್ಯಾಹ್ನ ಹೋಗಿ ಮಲಗಿದಳು.