ಭಾವನ ಟೀವಿಗೆ ಬರೆದ ಸಾಲುಗಳು

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನೂ ಅಕ್ಕನ ಗಂಡನೂ ಒಂದೇ ಪಾಳಿಯಲ್ಲಿ ಕೆಲಸಕ್ಕಿದ್ದೆವು. ಒಂದು ಬೆಳಿಗ್ಗೆ ಅಲ್ಲಿ ಗಾಳಿ ತುಂಬಿಡುವ ಕಬ್ಬಿಣದ ಟ್ಯಾಂಕು ಒಡೆಯಿತು. ನಾನು ಗೋಡೆಯ ಆಚೆ, ಲಾರಿಯಿಂದ ಸಾಮಾನು ಇಳಿಸುವ ಕಡೆ ನಿಂತಿದ್ದೆ. ಭಾವ ಗೋಡೆಯ ಈಚೆ, ಟ್ಯಾಂಕಿನ ಹತ್ತಿರವಿದ್ದರು. ಶಬ್ದ ಕೇಳಿಸಿದ್ದು ನನಗೆ ನೆನಪಿಲ್ಲ. ಗೋಡೆಯ ಸುಣ್ಣ ಹೆಗಲ ಮೇಲೆ ಉದುರಿದ್ದು ನೆನಪಿದೆ. ಒಳಗೆ ಹೋದಾಗ ಭಾವ ನಿಂತೇ ಇದ್ದರು, ಮೈಮೇಲೆ ಗಾಯವಿರಲಿಲ್ಲ. ನಾನು ಏನೋ ಕೇಳಿದೆ. ಅವರು ನನ್ನ ಮುಖ ನೋಡಿ, "ಜೋರಾಗಿ ಹೇಳ್ಲಾ" ಅಂದರು. ನಾನು ಕೂಗಿದೆ. "ಜೋರಾಗಿ ಹೇಳ್ಲಾ" ಎಂದು ಮತ್ತೆ ಅಂದರು.

ಮಂದವಾಗಿದ್ದ ನನ್ನ ಕಿವಿ ಕೆಲವು ವಾರಗಳಲ್ಲಿ ಸರಿಹೋಯಿತು. ಮನೆಯಲ್ಲಿ ಕುಕ್ಕರ್ ಕೂಗುವ ಹೊತ್ತಿಗೆ ಎದ್ದು ಹೊರಗೆ ಹೋಗುವ ಅಭ್ಯಾಸ ಮಾತ್ರ ಉಳಿಯಿತು. ಭಾವನ ಕಿವಿಯ ಒಳಗಿನ ನರ ಹೋಗಿದೆ, ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಕಿವಿಗೆ ಹಾಕುವ ಮಿಷನ್ನಿನಿಂದ ಅವರಿಗೆ ಬರೀ ಗುಂಯ್ ಎನ್ನುವುದು ಬಿಟ್ಟು ಬೇರೇನೂ ಸಿಗಲಿಲ್ಲ. ಅದನ್ನು ಬಿಚ್ಚಿ ಅಕ್ಕನ ಕೈಗೆ ಕೊಟ್ಟರು. ಆಮೇಲೆ ಮಾತನ್ನೂ ನಿಲ್ಲಿಸಿದರು.

ಅವರು ಹಾಗಿದ್ದವರಲ್ಲ. ಕಾರ್ಖಾನೆಯ ಬಸ್ಸು ಕನಕಪುರ ಬಿಟ್ಟು ಹಾರೋಹಳ್ಳಿ ಮುಟ್ಟುವವರೆಗೂ ಸಿನಿಮಾ ಸಂಭಾಷಣೆ ಹೇಳಿ ಜನರನ್ನು ನಗಿಸುತ್ತ ಬರುತ್ತಿದ್ದವರು. ಹಳೇ ಚಿತ್ರಗಳ ವೀಸಿಡಿ ಎಲ್ಲಿ ಸಿಕ್ಕಿದರೂ ಕೊಳ್ಳುತ್ತಿದ್ದರು. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಅಂಗಡಿಯವನು ಇವರಿಗೆಂದೇ ಕೆಲವನ್ನು ಎತ್ತಿಡುತ್ತಿದ್ದ. ಈಗ ಅವೆಲ್ಲ ಶೋಕೇಸಿನಲ್ಲಿ ಸುಮ್ಮನಿದ್ದವು. ಭಾವ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದರು. ಹೇಳಬೇಕಾದ್ದನ್ನು ಅಕ್ಕ ಮಕ್ಕಳ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದಳು. ಊಟ. ಸ್ನಾನ. ಕರೆಂಟಿಲ್ಲ. ನಾನೂ ಹಾಗೆಯೇ ಬರೆಯುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ಕಾರ್ಖಾನೆಯ ಗೆಳೆಯರು ನೋಡಲು ಬಂದರೆ ಬೆನ್ನು ತಿರುಗಿಸಿ ಮಲಗಿಬಿಡುತ್ತಿದ್ದರು.

ಒಂದು ದಿನ ಅಕ್ಕ, ಅವರ ಮನೆಯ ಮಹಡಿಯಲ್ಲಿದ್ದ ನನ್ನ ಕೋಣೆಗೆ ಬಂದು ಬಾಗಿಲಲ್ಲಿ ನಿಂತಳು. "ಹಿಂಗೇ ಇದ್ರೆ ಈವಪ್ಪ ಮಾತಾಡೋದ್ನೇ ಮರ್ತೋಯ್ತಾರೆ ಕಣೋ. ನಂಗೆ ಬೈದ್ರೂ ಪರ್ವಾಗಿಲ್ಲ, ಬಾಯ್ ಬುಟ್ರೆ ಸಾಕು" ಅಂದಳು.

ಅದು ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ. ಹೊಸ ಟೀವಿಗಳ ಹಿಂದೆ ನೆಟ್‌ವರ್ಕ್ ಕೇಬಲ್ ಚುಚ್ಚುವ ಕಿಂಡಿ ಬರತೊಡಗಿತ್ತು. ಅಕ್ಕನ ಮನೆಯ ಹೊಸ ಟೀವಿಯಲ್ಲೂ ಅದಿತ್ತು. ಮಹಡಿಯಲ್ಲಿ ನನ್ನದೊಂದು ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇತ್ತು. ಭಾವನ ವೀಸಿಡಿಗಳು ಗೀರು ಬಿದ್ದು ಹಾಳಾಗುವುದು ಬೇಡವೆಂದು ಅಪಘಾತಕ್ಕೆ ಮೊದಲೇ ಅವನ್ನೆಲ್ಲ ಅದರ ಹಾರ್ಡ್ ಡಿಸ್ಕಿಗೆ ಇಳಿಸಿಟ್ಟಿದ್ದೆ. ಮನೆಯೊಳಗಿನ ಸಿನಿಮಾಗಳನ್ನು ಕೇಬಲ್ ಮೂಲಕ ಟೀವಿಗೆ ಕಳಿಸುವ ಮೀಡಿಯಾ ಸರ್ವರ್ ಎಂಬ ಸಾಫ್ಟ್‌ವೇರಿನ ಬಗ್ಗೆ ಓದಿದ್ದೆ. ಡಿಸ್ಕುಗಳನ್ನೇ ಹಾಕಿ ತೋರಿಸಬಹುದಿತ್ತು. ಆದರೆ ಕಿವಿ ಕೇಳದವರಿಗೆ ಮಾತನ್ನು ಅಕ್ಷರದಲ್ಲಿ ತೋರಿಸಬೇಕು. ಆ ಡಿಸ್ಕುಗಳಲ್ಲಿ ಅಕ್ಷರವಿರಲಿಲ್ಲ. ಕಂಪ್ಯೂಟರಿನಲ್ಲಾದರೆ ನಾನೇ ಬರೆದು ಸೇರಿಸಬಹುದು.

ಮಹಡಿಯ ಕಿಟಕಿಯಿಂದ ಕೆಳಗಿನ ಕಿಟಕಿಗೆ ಕೇಬಲ್ ಇಳಿಬಿಟ್ಟೆ. ಕಂಪ್ಯೂಟರೂ ಟೀವಿಯೂ ರೌಟರಿನ ಮೂಲಕ ಸೇರಿದ ಮೇಲೆ ಟೀವಿಯ ಮೆನುವಿನಲ್ಲಿ ನನ್ನ ಕಂಪ್ಯೂಟರಿನ ಹೆಸರು ಕಾಣಿಸಿತು. ಅದನ್ನು ಒತ್ತಿದರೆ ನಾನು ಸರ್ವರಿಗೆ ತೋರಿಸಿಕೊಟ್ಟಿದ್ದ ಫೋಲ್ಡರು, ಅದರೊಳಗೆ ಭಾವನ ಸಿನಿಮಾಗಳ ಸಾಲು. ಆದರೆ ವೀಸಿಡಿಯ ಫೈಲುಗಳನ್ನು ಟೀವಿ ಒಪ್ಪಲಿಲ್ಲ. ಅದಕ್ಕೆ ಅರ್ಥವಾಗುವ ರೂಪಕ್ಕೆ ಓಡುತ್ತಿರುವಾಗಲೇ ಬದಲಾಯಿಸಿ ಕಳಿಸು ಎಂದು ಸರ್ವರಿಗೆ ಹೇಳಿದ ಮೇಲೆ ಚಿತ್ರ ಬಂತು. ಅರ್ಧ ಸಿನಿಮಾದಲ್ಲಿ ನಿಂತೂ ಹೋಯಿತು. ಓಡಿ ಮೇಲೆ ಹೋದರೆ ಕಂಪ್ಯೂಟರ್ ಆರಿತ್ತು, ಅಕ್ಕ ಕಸ ಗುಡಿಸುತ್ತಿದ್ದಳು.

"ಯಾರೂ ಇರ್ಲಿಲ್ವಲ್ಲ, ಕರೆಂಟು ದಂಡ ಅಂತ ಆಫ್ ಮಾಡ್ದೆ" ಅಂದಳು.

"ಅಕ್ಕಾ, ಸಿನ್ಮಾ ಇರೋದು ಇದ್ರಾಗೆ. ಕೆಳಗಡೆ ಬರೀ ತೋರುಸ್ತದೆ."

"ಹಂಗಾದ್ರೆ ಮೇಲಿಂದ್ಲೇ ನೀರು ಬುಡ್ಬೇಕು, ನಲ್ಲಿ ತಿರುಗ್ಸಿದ್ರೆ ಆಗಾಕಿಲ್ಲ ಅನ್ನು." ಅವಳಿಗೆ ಆ ದಿನದ ನಂತರ ಅದನ್ನು ಮತ್ತೆ ಹೇಳಬೇಕಾಗಲಿಲ್ಲ.

ಬರೆಯಲು ಒಂದು ಕಪ್ಪುಬಿಳುಪು ಚಿತ್ರವನ್ನು ಆರಿಸಿಕೊಂಡೆ, ಭಾವನಿಗೆ ಬಾಯಿಪಾಠವಾಗಿದ್ದದ್ದು. ಯಾವ ಮಾತು ಎಲ್ಲಿ ಶುರು, ಎಲ್ಲಿ ಕೊನೆ ಎಂದು ಸಮಯ ಗುರುತು ಹಾಕಿ ಒಂದೊಂದೇ ಸಾಲು ಟೈಪು ಮಾಡಿದೆ. ಫೈಲಿಗೆ ಸಿನಿಮಾದ ಹೆಸರನ್ನೇ ಇಟ್ಟು ಪಕ್ಕದಲ್ಲೇ ಉಳಿಸಿದೆ. ಟೀವಿಯಲ್ಲಿ ಚಿತ್ರ ಬಂತು, ಅಕ್ಷರ ಬರಲಿಲ್ಲ. ಸರ್ವರು ಸಿನಿಮಾವನ್ನು ಮಾತ್ರ ಕಳಿಸುತ್ತಿತ್ತು, ಪಕ್ಕದ ಫೈಲನ್ನಲ್ಲ. ಅಕ್ಷರವನ್ನು ಚಿತ್ರದ ಮೇಲೆಯೇ ಬರೆದು ಕಳಿಸುವಂತೆ ಮಾಡಿದೆ. ಆಗ ಸಾಲು ತುಂಬ ಪ್ರಶ್ನಾರ್ಥಕ ಚಿಹ್ನೆಗಳು ಬಂದವು. ನೋಟ್‌ಪ್ಯಾಡಿನಲ್ಲಿ ಯೂನಿಕೋಡ್ ಎಂದು ಆರಿಸದೆ ಉಳಿಸಿದ್ದರಿಂದ ಕನ್ನಡವೆಲ್ಲ ಅಳಿಸಿಹೋಗಿತ್ತು. ಎಲ್ಲವನ್ನೂ ಮತ್ತೆ ಟೈಪು ಮಾಡಿದೆ. ಈ ಸಲ ಚೌಕಗಳು ಬಂದವು. ಸರ್ವರು ಬಳಸುತ್ತಿದ್ದ ಫಾಂಟಿನಲ್ಲಿ ಕನ್ನಡವಿರಲಿಲ್ಲ. ಫಾಂಟು ಬದಲಾಯಿಸಿ ಕೆಳಗಿಳಿದೆ. ಕನ್ನಡ, ಒತ್ತಕ್ಷರ ಸಮೇತ, ಪರದೆಯ ಕೆಳಗೆ ನಿಂತಿತ್ತು. ಅಲ್ಲೇ ನೆಲದ ಮೇಲೆ ಕೂತುಕೊಂಡೆ.

ಅಕ್ಕ ಭಾವನನ್ನು ಕೈಹಿಡಿದು ಕರೆತಂದು ಮುಂದೆ ಕೂರಿಸಿದಳು. ಅವರು ನೋಡಿದರು. ಒಂದು ದೃಶ್ಯ ಮುಗಿಯಿತು. ಎರಡನೆಯದರಲ್ಲಿ ತಾಯಿ ಬಾಗಿಲಲ್ಲಿ ನಿಂತು, ಕುಡಿದು ಬಂದ ಮಗನನ್ನು ಬೈಯುತ್ತಾಳೆ. ದೊಡ್ಡ ಬೈಗುಳ ಅದು. ಅವನು ಹುಟ್ಟಿದಾಗಿನಿಂದ ಶುರುಮಾಡಿ ಅವತ್ತಿನ ಮಧ್ಯಾಹ್ನದ ಮುದ್ದೆಯವರೆಗೆ ಬರುತ್ತಾಳೆ. ನಾನು ಬರೆದದ್ದು, "ನೀನು ಮನೆಗೆ ಬರಬೇಡ, ಹೊರಟುಹೋಗು." ಓದಲು ಸುಲಭವಾಗಲಿ ಎಂದು ಉಳಿದ ಸಾಲುಗಳನ್ನೂ ಹಾಗೆಯೇ ಚಿಕ್ಕದು ಮಾಡಿದ್ದೆ.

ಭಾವ ಕೈ ಚಾಚಿ ಟೀವಿಯನ್ನು ತೋರಿಸಿದರು. "ಮಿಕ್ಕಿದ್ದು?"

ತಮ್ಮ ದನಿಯ ಅಳತೆ ಅವರಿಗೆ ಸಿಗುತ್ತಿರಲಿಲ್ಲ. ಆ ಮಾತು ಬೀದಿಯವರೆಗೆ ಕೇಳಿಸುವಷ್ಟು ಜೋರಾಗಿ ಬಂತು. ಅಡುಗೆಮನೆಯಿಂದ ಅಕ್ಕ ಓಡಿಬಂದಳು.

"ಲೇ ಭಾಮೈದ, ಆಯಮ್ಮನ ಬಾಯಿ ಇನ್ನೂ ಆಡ್ತೈತೆ, ನಿನ್ ಅಕ್ಸರ ಮುಗ್ದೋಯ್ತಲ್ಲಾ! ಮಿಕ್ಕಿದ್ನ ಎಲ್ಲಾಕ್ದೆ? ಸಂತೇಲ್ ಮಾರ್ಕೊಂಡ್ ಬಂದ್ಬುಟ್ಟಾ?"

ನಾನು ಸ್ಲೇಟಿನಲ್ಲಿ ಬರೆದೆ: ಉದ್ದ ಇತ್ತು.

ಅವರು ಸ್ಲೇಟನ್ನು ಕಿತ್ತುಕೊಂಡು ಅದನ್ನೇ ನೋಡಿದರು. "ಎಲ್ರೂ ನಂಗೆ ಹಿಂಗೇ ಕಣ್ಲಾ. ಊಟ. ಸ್ನಾನ. ಮನೇಗೆ ಯಾರೋ ಬತ್ತಾರೆ, ಒಂದ್ ಗಂಟೆ ನಗ್ತಾರೆ. ಏನಂತೆ ಅಂದ್ರೆ ಇವ್ಳು ಬರೀತಾಳೆ, ಏನಿಲ್ಲ ಅಂತ." ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವರು ಅವಳ ಕಡೆ ತಿರುಗಿ, "ಕೈ ತೆಗಿಯೇ, ಬಾಯಿ ಕಾಣ್ಲಿ" ಅಂದರು.

ಆಮೇಲೆ ಅವರು ಆ ತಾಯಿಯ ಬೈಗುಳವನ್ನು ಮೊದಲಿಂದ ಕೊನೆಯವರೆಗೆ, ಮುದ್ದೆ ಸಮೇತ, ಹೇಳಿದರು. ನಾನು ಮೇಲೆ ಹೋಗಿ ಟೈಪು ಮಾಡಿ ಬಂದೆ. ಬದಲಾಯಿಸಿದ್ದು ಕಾಣಬೇಕಾದರೆ ಸಿನಿಮಾ ನಿಲ್ಲಿಸಿ ಮೊದಲಿಂದ ಹಚ್ಚಬೇಕಿತ್ತು; ಶುರುವಿನಲ್ಲೊಮ್ಮೆ ಮಾತ್ರ ಸರ್ವರು ಅಕ್ಷರದ ಫೈಲನ್ನು ಓದುತ್ತಿತ್ತು. ಹೀಗೆ ಮೆಟ್ಟಿಲು ಹತ್ತಿ ಇಳಿದು ಹತ್ತಿ ಇಳಿದು ನನಗೆ ಏದುಸಿರು ಬಂತು. ಮರುದಿನ ಬೆಳಿಗ್ಗೆ ಭಾವ ತಾವೇ ಮಹಡಿಗೆ ಬಂದು ನನ್ನ ಕುರ್ಚಿಯ ಪಕ್ಕ ಮಣೆ ಹಾಕಿಕೊಂಡು ಕೂತರು. ಅಪಘಾತವಾದ ಮೇಲೆ ಅವರು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ಅವರು ಹೇಳುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಅವರ ನೆನಪು ತಪ್ಪಿದಲ್ಲಿ ನಾನು ಸಿನಿಮಾದ ಮಾತು ಕೇಳಿಸಿಕೊಂಡು ತಿದ್ದುತ್ತಿದ್ದೆ. ಅಂಥ ಕಡೆ ಕಡಿಮೆ. ದನಿ ಜೋರಾದಾಗ ಕೈಯನ್ನು ಕೆಳಗೆ ಮಾಡಿ ತೋರಿಸುತ್ತಿದ್ದೆ, ತಗ್ಗಿಸುತ್ತಿದ್ದರು. ಆ ಅಳತೆಯೂ ನಿಧಾನವಾಗಿ ಅವರಿಗೆ ಸಿಕ್ಕಿತು.

ಇನ್ನೊಂದು ತೊಂದರೆ ಉಳಿದಿತ್ತು. ಸರ್ವರು ಬದಲಾಯಿಸುತ್ತ ಕಳಿಸುವಾಗ ರಿಮೋಟಿನಲ್ಲಿ ಹಿಂದಕ್ಕೆ ಹೋಗಲು ಆಗುತ್ತಿರಲಿಲ್ಲ. ಭಾವನಿಗೆ ಒಂದೇ ದೃಶ್ಯವನ್ನು ಮತ್ತೆ ಮತ್ತೆ ನೋಡಬೇಕಿತ್ತು. ಯಾಕೆಂದು ನಾನು ಕೇಳಲಿಲ್ಲ. ಸಾಲುಗಳೆಲ್ಲ ಸರಿಯಾದ ಮೇಲೆ ಅವನ್ನು ಚಿತ್ರದೊಳಕ್ಕೇ ಶಾಶ್ವತವಾಗಿ ಸೇರಿಸಿ, ಟೀವಿ ನೇರವಾಗಿ ಒಪ್ಪುವ ರೂಪದಲ್ಲಿ ಹೊಸ ಫೈಲು ಮಾಡಿದೆ. ಈಗ ಸರ್ವರು ಬದಲಾಯಿಸುವ ಕೆಲಸ ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಕೊಡುತ್ತಿತ್ತು. ಹಿಂದಕ್ಕೆ, ಮುಂದಕ್ಕೆ, ಎಲ್ಲಿ ಬೇಕಾದರೂ ಹೋಗಬಹುದಿತ್ತು.

ಒಂದು ಮಧ್ಯಾಹ್ನ ಕೆಳಗೆ ಹೋದಾಗ ಟೀವಿಯ ಕೆಳಭಾಗಕ್ಕೆ ಹಳೇ ಕ್ಯಾಲೆಂಡರಿನ ರಟ್ಟು ಕಟ್ಟಿತ್ತು. ನಾನು ಅಷ್ಟು ಕಷ್ಟಪಟ್ಟು ಬರೆದ ಸಾಲುಗಳು ಅದರ ಹಿಂದೆ ಮುಚ್ಚಿಹೋಗಿದ್ದವು. ಭಾವ ನಟರ ತುಟಿಗಳನ್ನು ನೋಡಿ ಮಾತು ಹೇಳುವರು, ಹಿಂದಕ್ಕೆ ಹೋಗಿ ರಟ್ಟು ಎತ್ತಿ ಅಕ್ಷರ ನೋಡುವರು, ಸರಿಯಿದ್ದರೆ ಹುಂ ಅನ್ನುವರು. ಬಾಯಿಪಾಠವಿದ್ದ ಚಿತ್ರ ಮುಗಿದ ಮೇಲೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದನ್ನು ನನ್ನಿಂದ ಬರೆಸಿಕೊಂಡರು. ಅದರಲ್ಲಿ ಬಹಳ ಸೋತರು. "ಪ, ಬ, ಮ ಮೂರೂ ತುಟಿಯಾಗೆ ಒಂದೇ ಕಣ್ಲಾ. ಮುಂದಿಂದೂ ಹಿಂದಿಂದೂ ನೋಡ್ಕೊಂಡು ಅಂದಾಜ್ ಮಾಡ್ಬೇಕು" ಅಂದರು. ದೂರದಿಂದ ತೆಗೆದ ದೃಶ್ಯಗಳನ್ನೂ ಹಾಡುಗಳನ್ನೂ ಓಡಿಸಿಬಿಡುತ್ತಿದ್ದರು. ವೀಸಿಡಿಯ ಚಿತ್ರ ಮಸುಕು. ಮುಖ ಹತ್ತಿರ ಬಂದಾಗ ಮಾತ್ರ ಅವರಿಗೆ ಉಪಯೋಗ.

ಸಂಜೆ ಅಕ್ಕನನ್ನು ಕಿಟಕಿಯ ಎದುರಿಗೆ ಕೂರಿಸಿಕೊಂಡು, "ಈಗ ನೀನ್ ಹೇಳು" ಅನ್ನುತ್ತಿದ್ದರು. ಅಕ್ಕ ಮೊದಮೊದಲು ಊಟ, ಸ್ನಾನ ಎಂದೇ ಹೇಳಿದಳು. "ಅದು ಸ್ಲೇಟಿನ್ ಮಾತು. ನಿನ್ ಮಾತಾಡು" ಎಂದರು. ಅವಳು ನೆರೆಮನೆಯ ಜಗಳವನ್ನು ಪೂರ್ತಿ ಹೇಳಿದಳು. ಅವರಿಗೆ ಅರ್ಧಕ್ಕಿಂತ ಕಡಿಮೆ ತಿಳಿಯಿತು. ಉಳಿದದ್ದಕ್ಕೆ, "ಇನ್ನೊಂದ್ ಸಲ, ಒಸಿ ನಿಧಾನ" ಅಂದರು. ಅವಳು ಇನ್ನೊಂದು ಸಲ ಹೇಳಿದಳು.

ಬೇಸಗೆಯಲ್ಲಿ ಕಾರ್ಖಾನೆಯಿಂದ ಇಬ್ಬರು ಗೆಳೆಯರು ನೋಡಲು ಬಂದರು. ಭಾವ ಒಳಕೋಣೆಗೆ ಹೋಗುತ್ತಾರೆಂದು ನಾನೂ ಅಕ್ಕನೂ ಕಾದೆವು. ಅವರು ಹೋಗಲಿಲ್ಲ. ಟೀವಿ ಆರಿಸಿದರು. ಬಂದವರ ಮುಖಕ್ಕೆ ಬೆಳಕು ಬೀಳುವಂತೆ ಅವರ ಕುರ್ಚಿಗಳನ್ನು ತಾವೇ ತಿರುಗಿಸಿದರು. ಒಬ್ಬ ಮಾತಾಡಿದ, ಭಾವ ಉತ್ತರ ಕೊಟ್ಟರು. ಒಂದು ಕಡೆ ತಪ್ಪಾಯಿತು, ಮತ್ತೆ ಕೇಳಿ ಸರಿಮಾಡಿಕೊಂಡರು. ಇನ್ನೊಬ್ಬನಿಗೆ ತುಟಿ ಮುಚ್ಚುವಷ್ಟು ದಪ್ಪ ಮೀಸೆ. ಅವನು ಬಹಳ ಹೊತ್ತು ಏನೋ ಹೇಳಿದ. ಭಾವ ಮುಂದಕ್ಕೆ ಬಾಗಿ ನೋಡಿದರು, ಪಕ್ಕಕ್ಕೆ ವಾಲಿ ನೋಡಿದರು. ಕೊನೆಗೆ ಕೈ ಎತ್ತಿ ತಡೆದರು.

"ಲೇ, ನಿನ್ ಮಾತೆಲ್ಲಾ ಪೊದೆ ಒಳ್ಗೇ ಉಳ್ಕೊತಾವೆ ಕಣ್ಲಾ. ಹೋಗಿ ಮೀಸೆ ಒಸಿ ಕತ್ತರುಸ್ಕೊಂಡ್ ಬಾ, ಆಮ್ಯಾಕ್ ಮಾತಾಡಾನ."

ಮೊದಲು ಯಾರೂ ನಗಲಿಲ್ಲ. ಆಮೇಲೆ ಮೀಸೆಯವನೇ ನಕ್ಕ. ನಗು ಎಲ್ಲರ ಮುಖದಲ್ಲೂ ಕಾಣುವವರೆಗೆ ಭಾವ ಒಬ್ಬೊಬ್ಬರನ್ನೇ ನೋಡಿದರು, ಕೊನೆಗೆ ತಾವೂ ನಕ್ಕರು. ಮುಂದಿನ ಭಾನುವಾರ ಅವನು ಬಂದಾಗ ಮೇಲ್ದುಟಿ ಕಾಣುತ್ತಿತ್ತು. ಅಷ್ಟು ಹೊತ್ತಿಗೆ ಭಾವ ಅವನಿಗಾಗಿ ಕುರ್ಚಿಯನ್ನು ಕಿಟಕಿಗೆ ಎದುರಾಗಿ ಹಾಕಿಟ್ಟಿದ್ದರು.