ಮೀಟಿಂಗ್ ಇಲ್ಲ ಎಂದು ಹೇಳುವ ಕೆಲಸ

ನನ್ನ ಸೊಸೆ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಮೊದಮೊದಲು ನಾನು ತಡವರಿಸುತ್ತಿದ್ದೆ. ಈಗ ನೇರವಾಗಿ ಹೇಳುತ್ತೇನೆ. ಮೀಟಿಂಗ್ ಇದೆ ಎಂದು ಹೇಳುವುದು, ಮೀಟಿಂಗ್ ಇಲ್ಲ ಎಂದು ಹೇಳುವುದು. ಎರಡನೆಯದೇ ಕಷ್ಟದ್ದು.

ಅವಳು ಇರುವುದು ಕಟ್ಟಡಗಳ ನಕ್ಷೆ ಮಾಡುವವರ ಆಫೀಸಿನಲ್ಲಿ. ಅಲ್ಲಿನ ಯಜಮಾನರನ್ನು ನಾವು ಮನೆಯಲ್ಲಿ ನಕ್ಷೆ ಸಾಹೇಬರು ಎನ್ನುತ್ತೇವೆ. ಮೆಟ್ಟಿಲು ಹತ್ತಿ ಹೋದರೆ ಗಾಜಿನ ಬಾಗಿಲು, ಒಳಗೆ ಉದ್ದದ ಒಂದು ಮೇಜು, ಗೋಡೆಯ ಬದಿಗೆ ಬೆಂಚು, ಆಮೇಲೆ ಇವಳ ಕುರ್ಚಿ. ನಾನು ಒಮ್ಮೆ ಹೋಗಿ ನೋಡಿಕೊಂಡು ಬಂದಿದ್ದೇನೆ. ಆ ಕುರ್ಚಿಯೇ ನಮಗೆ ದೊಡ್ಡ ಸಂಗತಿ. ಅದಕ್ಕೆ ಮುಂಚೆ ಅವಳು ಬಟ್ಟೆ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತೇ ಇರುತ್ತಿದ್ದಳು. ಅಲ್ಲಿ ಗಿರಾಕಿ ಇಲ್ಲದಾಗಲೂ ಕೂರುವ ಹಾಗಿರಲಿಲ್ಲ. ಮಂಡಿ ಊದಿ, ಮನೆಗೆ ಬಂದವಳು ಹೊಸ್ತಿಲ ಮೇಲೆಯೇ ಕೂತುಬಿಡುತ್ತಿದ್ದಳು. ಹಾಗಾಗಿ ಈ ಕೆಲಸ ಸಿಕ್ಕಾಗ ಸಂಬಳ ಎಷ್ಟು ಎಂದು ಕೇಳುವ ಮುಂಚೆ ನಾನು ಕೇಳಿದ್ದು, ಕೂತು ಮಾಡುವುದೋ ನಿಂತು ಮಾಡುವುದೋ ಎಂದು.

ಆದರೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆರು ತಿಂಗಳು ನೋಡುತ್ತೇವೆ, ಸರಿಹೋದರೆ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಆರನೆಯ ತಿಂಗಳಲ್ಲಿ ಕಲ್ಲಿನ ಯಜಮಾನರ ಪ್ರಸಂಗ ನಡೆಯಿತು.

ಕಲ್ಲಿನ ಯಜಮಾನರು ಎಂದರೆ ನೆಲಕ್ಕೆ ಹಾಸುವ ಕಲ್ಲನ್ನು ಕೊಯ್ದು ಕೊಡುವವರು. ದೂರದಿಂದ ಬರಬೇಕು. ನಕ್ಷೆಯಲ್ಲಿ ಬರೆದ ಅಳತೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಕೊಯ್ಯುವವರು ಅವರೊಬ್ಬರೇ ಎಂದು ಸಾಹೇಬರಿಗೆ ಅವರ ಮೇಲೆ ಅಭಿಮಾನ. ಒಂದು ದಿನ ಸಾಹೇಬರಿಗೆ ಬೇರೆ ಕಡೆ ಹೋಗಬೇಕಾಗಿ ಬಂದು, ಮಾರನೆಯ ದಿನ ಈ ಯಜಮಾನರ ಜೊತೆ ಇದ್ದ ಮೀಟಿಂಗ್ ಬೇಡವೆಂದು ತಿಳಿಸಲು ಇವಳಿಗೆ ಹೇಳಿದರು. ಇವಳು ತಿಳಿಸಿದಳು. ಬಹಳ ಮರ್ಯಾದೆಯಿಂದಲೇ ತಿಳಿಸಿದಳು. ಮೊದಲು ನಮಸ್ಕಾರ, ಆಮೇಲೆ ತಾವು ಕ್ಷೇಮವೆಂದು ಭಾವಿಸುತ್ತೇನೆ, ಆಮೇಲೆ ನಾಳೆಯ ಮೀಟಿಂಗ್ ವಿಷಯವಾಗಿ ಈ ಸಂದೇಶ, ಆಮೇಲೆ ತಾವು ಕೊಟ್ಟ ಸಹಕಾರವನ್ನು ಮರೆಯಲಾರೆವು, ಹೀಗೇ ಹೋಗಿ ಹೋಗಿ ಕಟ್ಟಕಡೆಗೆ, ಅನಿವಾರ್ಯ ಕಾರಣದಿಂದ ಮುಂದೂಡಲಾಗಿದೆ ಎಂಬ ಮಾತು.

ಫೋನಿನ ಮುಖದ ಮೇಲೆ ಮೆಸೇಜಿನ ತಲೆ ಮಾತ್ರ ಕಾಣುತ್ತದೆ. ಉಳಿದದ್ದು ಬೇಕಾದರೆ ಒತ್ತಿ ತೆರೆಯಬೇಕು. ಕಲ್ಲಿನ ಯಜಮಾನರು ಗರಗಸದ ಮುಂದೆ ನಿಂತು, ಕೈಯೆಲ್ಲ ಕಲ್ಲುಪುಡಿ ಮೆತ್ತಿಕೊಂಡು, ತಲೆಯನ್ನಷ್ಟೇ ನೋಡಿದರು. ನಮಸ್ಕಾರ, ಕ್ಷೇಮ, ನಾಳೆಯ ಮೀಟಿಂಗ್. ಓಹೋ, ಜ್ಞಾಪಿಸುತ್ತಿದ್ದಾರೆ, ಪಾಪ ಒಳ್ಳೆಯ ಹುಡುಗಿ ಎಂದುಕೊಂಡರು. ಮಾರನೆಯ ಬೆಳಿಗ್ಗೆ ಬಾಡಿಗೆ ಟೆಂಪೋದಲ್ಲಿ ಮಾದರಿ ಕಲ್ಲುಗಳನ್ನು ಹೇರಿಕೊಂಡು ಬಂದು, ಮೆಟ್ಟಿಲ ಮೇಲೆ ಹೊತ್ತು ತಂದು, ಬೆಂಚಿನ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದರು.

ಸಾಹೇಬರು ಇಲ್ಲ ಎಂದು ಗೊತ್ತಾದಾಗ ಅವರು ಕೂಗಾಡಲಿಲ್ಲ. ಬೆಂಚಿನ ಮೇಲೆ ಕೂತರು. ಇವಳು ನೀರು ಕೊಟ್ಟಳು, ಕುಡಿದರು. ತಪ್ಪಾಯಿತು ಎಂದಳು, ತಲೆಯಾಡಿಸಿದರು. ಊಟದ ಹೊತ್ತು ಕಳೆದರೂ ಏಳಲಿಲ್ಲ. ಮೀಟಿಂಗ್ ಇವತ್ತಿಲ್ಲವಲ್ಲ, ಎಷ್ಟು ಹೊತ್ತು ಹೀಗೆ ಕೂತಿರುತ್ತೀರಿ ಎಂದು ಇವಳು ಮೆಲ್ಲಗೆ ಕೇಳಿದಳಂತೆ.

"ಮೀಟಿಂಗ್‌ಗೆ ಅಂತ ಈ ದಿನಾನ ತೆಗೆದಿಟ್ಟಿದ್ದೆ ಕಣಮ್ಮ" ಎಂದರು ಅವರು. "ಎಲ್ಲಾದ್ರೂ ಕಳೀಬೇಕಲ್ಲ. ನಿಮ್ಮ ಬೆಂಚು ಚೆನ್ನಾಗಿದೆ."

ಆಫೀಸಿನ ಬಾಗಿಲು ಹಾಕುವವರೆಗೂ ಕೂತಿದ್ದು, ಕಲ್ಲು ಹೊತ್ತುಕೊಂಡು ಹೊರಟರು. ಮಾರನೆಯ ದಿನ ಸಾಹೇಬರು ಇವಳನ್ನು ಕರೆದು, ತಿಂಗಳ ಕೊನೆಗೆ ನಿಮ್ಮ ವಿಷಯ ಯೋಚನೆ ಮಾಡಬೇಕು ಎಂದರು. ಅಷ್ಟೇ ಅಂದರು. ಅಷ್ಟು ಸಾಕಾಗಿತ್ತು.

ರಾತ್ರಿ ಊಟಕ್ಕೆ ಕೂತಾಗ ನನ್ನ ಮಗ ಆ ಮೆಸೇಜನ್ನು ಹೆಂಡತಿಯ ಫೋನಿನಲ್ಲಿ ಮೇಲಿಂದ ಕೆಳಗಿನವರೆಗೆ ಓದಿದ. ಓದುವಷ್ಟರಲ್ಲಿ ಅನ್ನ ತಣ್ಣಗಾಯಿತು.

"ಮೀಟಿಂಗ್ ಇಲ್ಲ ಅನ್ನೋಕೆ ಇಷ್ಟುದ್ದ ಬರ್ದಿದೀಯ" ಎಂದ. "ಇದ್ದಿದ್ರೆ ಪುಸ್ತಕಾನೇ ಅಚ್ಚು ಹಾಕಿಸ್ತಿದ್ದೆ ಅನ್ಸುತ್ತೆ."

"ಎತ್ತಿದ ಬಾಯಿಗೆ ಇಲ್ಲ ಅನ್ನೋದು ಹೇಗೆ ರೀ? ಒರಟು ಅನ್ಕೊಳಲ್ವಾ?"

"ಈಗ ಏನು ಅನ್ಕೊಂಡ್ರು?"

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಮಗನಿಗೆ ಸಾಕು ಬಿಡೋ ಎಂದೆ. ಆದರೆ ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅದೇ ತಿಂಗಳ ಕೊನೆಯ ವಾರ ಒಂದು ದೊಡ್ಡ ಮೀಟಿಂಗ್ ಗೊತ್ತಾಯಿತು. ಒಬ್ಬ ಡಾಕ್ಟರಮ್ಮ ಹಳೆಯ ಕಟ್ಟಡವೊಂದನ್ನು ಕೊಂಡು ಅದನ್ನು ಆಸ್ಪತ್ರೆ ಮಾಡಿಸುತ್ತಿದ್ದರು. ಮೇಲಿನ ಮಹಡಿಯ ನೆಲಕ್ಕೆ ಕಲ್ಲು ಹಾಸಬೇಕೆಂಬುದು ಅವರ ಆಸೆ. ಹಳೆಯ ಕಟ್ಟಡ ಅಷ್ಟು ಭಾರ ತಡೆಯುತ್ತದೆಯೇ ಎಂದು ಪರೀಕ್ಷೆ ಮಾಡಿ ಇಂಜಿನಿಯರು ವರದಿ ಕೊಡಬೇಕು. ಅದನ್ನು ಮುಂದಿಟ್ಟುಕೊಂಡು ಡಾಕ್ಟರಮ್ಮ, ಇಂಜಿನಿಯರು, ಕಲ್ಲಿನ ಯಜಮಾನರು, ಸಾಹೇಬರು ನಾಲ್ವರೂ ಬುಧವಾರ ಹನ್ನೊಂದಕ್ಕೆ ಕೂರುವುದೆಂದು ತೀರ್ಮಾನ. ಕಲ್ಲಿನ ಯಜಮಾನರು ಮತ್ತೆ ಬರಲು ಒಪ್ಪಿದ್ದೇ ಹೆಚ್ಚು. ಇನ್ನೊಂದು ಸಲ ಹಾಗಾದರೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಸಾಹೇಬರಿಗೆ ನೇರವಾಗಿ ಹೇಳಿದ್ದರಂತೆ. ಅವರು ಹೋದರೆ ಇವಳ ಕುರ್ಚಿಯೂ ಹೋಗುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಇಂಜಿನಿಯರ ಫೋನು ಬಂತು. ವರದಿ ನಾಳೆಗೆ ಆಗುವುದು ಅನುಮಾನ, ಗುರುವಾರ ಖಂಡಿತ ಎಂದರು. ಸಾಹೇಬರು ಪೆನ್ಸಿಲ್ ಹೆರೆಯುತ್ತಾ, ಬೆಳಿಗ್ಗೆ ನೋಡೋಣ, ಬಂದರೂ ಬಂದೀತು ಎಂದರು.

ಇವಳು ಹೋಗಿ ಮೇಜಿನ ಮುಂದೆ ನಿಂತಳು. "ಸಾರ್, ವರದಿ ಇಲ್ದೆ ಮೀಟಿಂಗ್‌ನಲ್ಲಿ ಮಾಡೋದು ಏನಾದ್ರೂ ಇದೆಯಾ?"

"ಏನಿಲ್ಲ. ಮುಖ ನೋಡ್ಕೊಂಡು ಕೂರ್ಬೇಕು."

"ಹಾಗಾದ್ರೆ ಈಗ್ಲೇ ಹೇಳ್ಬಿಡ್ತೀನಿ ಸಾರ್. ಕಲ್ಲಿನವರು ನಸುಕಿಗೇ ಹೊರಡ್ತಾರೆ. ಬೆಳಿಗ್ಗೆ ಹೇಳೋ ಹೊತ್ತಿಗೆ ಅವರು ಅರ್ಧ ದಾರೀಲಿ ಇರ್ತಾರೆ. ಡಾಕ್ಟ್ರಮ್ಮ ನಾಳೆ ಬೆಳಿಗ್ಗೆ ಒಬ್ಬ ರೋಗೀನೂ ಇಟ್ಕೊಂಡಿಲ್ಲ. ಈಗ ಹೇಳಿದ್ರೆ ಮತ್ತೆ ಕರ್ಕೋತಾರೆ."

ಸಾಹೇಬರು ಪೆನ್ಸಿಲಿನ ಮೊನೆ ನೋಡಿದರು. ಹೇಳಿ ಎಂದರು.

ಅವಳು ಬರೆದದ್ದು ಇದು. ನನಗೆ ತೋರಿಸಿದ್ದಾಳೆ. ಅಕ್ಷರ ಕೂಡಿಸಿ ಓದುವ ನನಗೂ ಒಂದೇ ಉಸಿರಿನಲ್ಲಿ ಮುಗಿಯಿತು.

"ನಾಳೆ ಬುಧವಾರ 11ರ ಮೀಟಿಂಗ್ ಇಲ್ಲ. ಭಾರದ ವರದಿ ಗುರುವಾರ ಸಿಗುತ್ತದೆ, ಅದಿಲ್ಲದೆ ತೀರ್ಮಾನ ಆಗುವುದಿಲ್ಲ. ಶುಕ್ರವಾರ 11 ಅಥವಾ ಶನಿವಾರ 10, ಯಾವುದು ಆಗುತ್ತದೆ ಎಂದು ಇಂದು 6ರೊಳಗೆ ತಿಳಿಸಿ. ಬದಲಾಯಿಸಬೇಕಾಗಿ ಬಂದದ್ದಕ್ಕೆ ಕ್ಷಮಿಸಿ."

ಇಂಜಿನಿಯರಿಂದ ತಡವಾಯಿತು ಎಂದು ಬರೆಯಲಿಲ್ಲ. ಅದು ಎಲ್ಲರಿಗೂ ಗೊತ್ತಾಗಬೇಕಾದ ವಿಷಯವಲ್ಲ. ಕಲ್ಲಿನ ಯಜಮಾನರಿಗೆ ಮಾತ್ರ, ಮಾದರಿ ಕಲ್ಲು ಹೇರಬೇಡಿ ಎಂಬ ಮಾತನ್ನು ಸೇರಿಸಿದಳು. ಗುಂಪಿಗೆ ಹಾಕದೆ ಒಬ್ಬೊಬ್ಬರಿಗೂ ಬೇರೆ ಬೇರೆ ಕಳಿಸಿದಳು. ಗುಂಪಿನಲ್ಲಿ ಹಾಕಿದರೆ ಒಬ್ಬರು ಹೆಬ್ಬೆರಳು ತೋರಿಸುತ್ತಾರೆ, ಇನ್ನೊಬ್ಬರು ಕೈ ಮುಗಿಯುತ್ತಾರೆ, ಯಾರು ಯಾವ ದಿನಕ್ಕೆ ಒಪ್ಪಿದರು ಎಂಬುದು ಅದರಡಿಯಲ್ಲಿ ಹೂತುಹೋಗುತ್ತದೆಯಂತೆ.

ಡಾಕ್ಟರಮ್ಮ ಶುಕ್ರವಾರ ಎಂದರು. ಇಂಜಿನಿಯರು ಎರಡೂ ಆಗುತ್ತದೆ ಎಂದರು. ಕಲ್ಲಿನ ಯಜಮಾನರ ಉತ್ತರ ಇಲ್ಲ.

ಸಂಜೆ ಮನೆಗೆ ಬಂದವಳು ಫೋನನ್ನು ಹುರುಳಿಕಾಯಿಯ ಬುಟ್ಟಿಯ ಪಕ್ಕದಲ್ಲೇ ಇಟ್ಟುಕೊಂಡು ಕೂತಳು. ಮೆಸೇಜು ಹೋಗಿದೆ, ನೋಡಿಲ್ಲ. ಫೋನ್ ಮಾಡಿದಳು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದಳು. ಕಳಿಸಿದ್ದಾಯಿತಲ್ಲ, ಓದದಿದ್ದರೆ ಅವರ ತಪ್ಪು ಎಂದ ಮಗ.

"ಹೋದ್ಸಲಾನೂ ಕಳಿಸಿದ್ದಾಗಿತ್ತು" ಎಂದಳು ಅವಳು.

ಆಮೇಲೆ ಟೆಂಪೋದವನನ್ನು ಹುಡುಕಿದಳು. ಹೋದ ಸಲ ಬಂದಾಗ ಆತ ಆಫೀಸಿನ ಬಾಗಿಲಲ್ಲಿ ತನ್ನ ಫೋನ್ ನಂಬರಿದ್ದ ಬಾಡಿಗೆ ಚೀಟಿ ಕೊಟ್ಟು ಹೋಗಿದ್ದನಂತೆ. ಅವನಿಗೆ ಫೋನ್ ಮಾಡಿದಾಗ, ಯಜಮಾನರು ಗರಗಸ ನಿಲ್ಲಿಸುವವರೆಗೆ ಫೋನು ಮುಟ್ಟುವುದಿಲ್ಲ, ನಾನು ನಾಳೆ ಬೆಳಿಗ್ಗೆ ಕಲ್ಲು ಹೇರುವುದಕ್ಕೆ ಹೋಗುವವನಿದ್ದೆ, ಈಗಲೇ ಹೋಗಿ ಹೇಳುತ್ತೇನೆ ಎಂದ. ಹುರುಳಿಕಾಯಿ ಮುಗಿದು ಒಲೆ ಹಚ್ಚಿದ ಮೇಲೆ ಕಲ್ಲಿನ ಯಜಮಾನರದೇ ಫೋನು ಬಂತು. ಶುಕ್ರವಾರ ಸರಿ ಎಂದರು. ಶುಕ್ರವಾರ ಹನ್ನೊಂದು ಎಂದು ಎಲ್ಲರಿಗೂ ಒಂದೊಂದು ಸಾಲು ಕಳಿಸಿ, ತನ್ನ ಫೋನಿನಿಂದಲೇ ಸಾಹೇಬರ ಕ್ಯಾಲೆಂಡರಿನಲ್ಲಿ ಬುಧವಾರದ್ದನ್ನು ಅಳಿಸಿ ಶುಕ್ರವಾರಕ್ಕೆ ಹಾಕಿ, ಅವಳು ಊಟಕ್ಕೆ ಬಂದಳು.

ಬುಧವಾರ ಬೆಳಿಗ್ಗೆ ಆಫೀಸು ತೆರೆಯುವಷ್ಟರಲ್ಲಿ ವರದಿ ಬಂದು ಕೂತಿತ್ತು. ಇಂಜಿನಿಯರು ನಿದ್ದೆಗೆಟ್ಟು ಮುಗಿಸಿದ್ದರು.

ಸಾಹೇಬರಿಗೆ ಖುಷಿ. ಬಂದರೂ ಬಂದೀತು ಅಂದಿರಲಿಲ್ಲವೇ ನಾನು ಎಂದರು. ಎಲ್ಲರಿಗೂ ಹೇಳಿಬಿಡಿ, ಮೀಟಿಂಗ್ ಇವತ್ತೇ, ಹನ್ನೊಂದರ ಬದಲು ಒಂದಕ್ಕೆ ಬರಲಿ ಎಂದರು.

ಇವಳು ಫೋನು ಮುಟ್ಟಲಿಲ್ಲ. "ಡಾಕ್ಟ್ರಮ್ಮ ರೋಗಿಗಳನ್ನ ಕರ್ಕೊಂಡಾಗಿದೆ ಸಾರ್. ಒಂದ್ ಸಲ ಮುಂದಕ್ಕೆ ಹಾಕಿದ್ರೆ ಏನೋ ಕಾರಣ ಇತ್ತು ಅಂತಾರೆ. ಮತ್ತೆ ಹಿಂದಕ್ಕೆ ಎಳೆದ್ರೆ ನಮ್ಮನ್ನ ಆಟ ಆಡಿಸ್ತಿದಾರೆ ಅಂತಾರೆ. ವರದೀನ ಈಗ್ಲೇ ಎಲ್ರಿಗೂ ಕಳಿಸ್ತೀನಿ. ಓದ್ಕೊಂಡು ಬರ್ಲಿ."

ತಿಂಗಳ ಕೊನೆಗೆ ಯೋಚನೆ ಮಾಡಬೇಕು ಎಂದಿದ್ದವರ ಮುಂದೆಯೇ ನಿಂತು ಹೀಗೆಂದಳು. ಸಾಹೇಬರು ತಾವೇ ಕಲ್ಲಿನ ಯಜಮಾನರಿಗೆ ಫೋನ್ ಮಾಡಿದರು. ಆ ಕಡೆಯ ದನಿ ಗರಗಸದವರ ದನಿ, ಕೋಣೆಗೆಲ್ಲ ಕೇಳುತ್ತಿತ್ತು.

"ಶುಕ್ರವಾರ ಅಂತ ನಿಮ್ಮ ಮೇಡಂ ಹೇಳಿದಾರಲ್ಲ" ಎಂದರು ಅವರು.

ನಾನೇ ಹೇಳುತ್ತಿದ್ದೇನೆ, ಇವತ್ತು ಎಂದರು ಸಾಹೇಬರು.

"ಅವರು ಹೇಳ್ಲಿ, ಬರ್ತೀನಿ. ಟೆಂಪೋದವನ ಕೈಲೂ ಹೇಳಿ ಕಳ್ಸಿದ್ರು. ನಿಮ್ಮನ್ನ ನಂಬಿ ಒಂದ್ಸಲ ಬೆಂಚು ಕಾದಿದೀನಿ, ಸಾಹೇಬ್ರೇ."

ಸಾಹೇಬರು ಫೋನು ಕೆಳಗಿಟ್ಟರು. ಆಮೇಲೆ, ಶುಕ್ರವಾರ ತಾವು ಎಷ್ಟು ಹೊತ್ತಿಗೆ ಸಿದ್ಧವಾಗಿರಬೇಕು ಎಂದು ಇವಳನ್ನು ಕೇಳಿದರು. ಹನ್ನೊಂದು ಸಾರ್ ಎಂದಳು.

ಶುಕ್ರವಾರ ಮೂವರೂ ವರದಿ ಓದಿಕೊಂಡೇ ಬಂದರು. ಕಟ್ಟಡ ಭಾರ ತಡೆಯುತ್ತದೆ, ಆದರೆ ತೆಳ್ಳಗೆ ಕೊಯ್ದ ಕಲ್ಲನ್ನು ಮಾತ್ರ ಎಂದಿತ್ತಂತೆ ವರದಿ. ಅದನ್ನು ಓದಿದ್ದರಿಂದ ಕಲ್ಲಿನ ಯಜಮಾನರು ದಪ್ಪ ಮಾದರಿಗಳನ್ನು ಬಿಟ್ಟು ತೆಳ್ಳಗಿನದೊಂದನ್ನೇ ಕಂಕುಳಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿದ್ದರು. ಊಟದ ಹೊತ್ತಿಗೆ ಮುಂಚೆಯೇ ಎಲ್ಲ ತೀರ್ಮಾನವಾಯಿತು.

ತಿಂಗಳ ಕೊನೆಯ ದಿನ ಸಾಹೇಬರು ಅವಳನ್ನು ಕರೆದು, ಇನ್ನು ಮೇಲೆ ತಮ್ಮ ಮೀಟಿಂಗುಗಳ ಮಾತು ಅವಳದೇ, ಕೆಲಸ ಖಾಯಂ ಎಂದರು. ಹೊಗಳಲಿಲ್ಲ. ಅವಳೂ ಹೊಗಳಿಕೆಗೆ ಕಾದು ನಿಲ್ಲಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಟ್ಟು, "ಅತ್ತೆ, ಕೆಲಸ ಖಾಯಂ ಆಯ್ತು" ಎಂದು ಬಾಗಿಲಲ್ಲೇ ಹೇಳಿದಳು. ಯಾಕೆ, ಹೇಗೆ, ಯಾರು ಏನಂದರು ಎಂಬುದೆಲ್ಲ ಕೈಕಾಲು ತೊಳೆದು ಬಂದಮೇಲೆ.