ಹೆರಿಗೆ ಆಸ್ಪತ್ರೆಯ ಗೀಸರು

ಅರವತ್ತರ ದಶಕದ ನಡುಭಾಗದ ಮಾತು. ನಾನಾಗ ಹರಿಹರದಲ್ಲಿ ಮನೆ ಮಾಡಿಕೊಂಡಿದ್ದೆ. ದಿನಾ ಬೆಳಗಿನ ರೈಲು ಹತ್ತಿ ದಾವಣಗೆರೆಗೆ ಬಂದು ಒಂದು ಎಲೆಕ್ಟ್ರಿಕ್ ಅಂಗಡಿಯಲ್ಲಿ ವೈರ್‌ಮನ್ ಕೆಲಸ ಮಾಡುತ್ತಿದ್ದೆ. ಮನೆಗಳಿಗೆ ಗೀಸರು ಬರುವುದು ಇನ್ನೂ ಅಪರೂಪ. ದಾವಣಗೆರೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಮಾತ್ರ ಹತ್ತಿ ವ್ಯಾಪಾರಿಯೊಬ್ಬರು ತಮಗೆ ಮೊಮ್ಮಗ ಹುಟ್ಟಿದ ಸಂತೋಷಕ್ಕೆ ಒಂದನ್ನು ಕೊಡಿಸಿದ್ದರು. ಬೇರೆ ಯಾರೋ ಬಂದು ಕೂಡಿಸಿ ಹೋಗಿದ್ದರು.

ಒಂದು ಚಳಿಗಾಲದ ಬೆಳಿಗ್ಗೆ ಆ ಆಸ್ಪತ್ರೆಯಿಂದ ನಮ್ಮ ಅಂಗಡಿಗೆ ಹೇಳಿಕಳಿಸಿದರು. ನಾನು ಹೋದಾಗ ಬಾಗಿಲಲ್ಲೇ ಡಾಕ್ಟರಮ್ಮ ಸಿಕ್ಕರು. ನಗುತ್ತಲೇ ಹೇಳಿದರು: "ನಮ್ಮ ಆಯಮ್ಮಂಗೆ ಗೀಸರಿನ ನಳ ಮುಟ್ಟಿದ್ರೆ ಕರೆಂಟು ಹಿಡೀತೈತಂತೆ. ನಾನು ದಿನಾ ಮುಟ್ತೀನಿ, ನನಗೇನೂ ಆಗಿಲ್ಲ. ಒಂದ್ಸಲ ನೋಡಿ ಆಕೆಗೆ ಸಮಾಧಾನ ಹೇಳಿ ಹೋಗ್ರಿ."

ಆಯಮ್ಮ ಹತ್ತಿರದ ಹದಡಿ ಊರಿನವಳು. ಅರವತ್ತು ದಾಟಿತ್ತು. ಹುಟ್ಟಿದ ಕೂಸಿಗೆ ಮೊದಲ ನೀರು ಹಾಕುವ ಕೆಲಸ ಅವಳದು. ಬಚ್ಚಲ ಬಾಗಿಲಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ನಾನು ಒಳಗೆ ಹೋಗಿ ಕೈ ಹಿಂಭಾಗದಿಂದ ನಳವನ್ನು ಸವರಿ ನೋಡಿದೆ. ಏನೂ ಆಗಲಿಲ್ಲ. ಹಾಗೆ ಮುಟ್ಟಿ ನೋಡುವುದೇ ತಪ್ಪು, ಆದರೆ ವಯಸ್ಸಿನ ಧಿಮಾಕು.

"ಏನೂ ಇಲ್ಲ ಆಯಮ್ಮ, ಚಳಿಗೆ ಕೈ ಜುಮ್ ಅಂದಿರಬೇಕು," ಎಂದೆ.

ಅವಳು ನನ್ನ ಮುಖ ನೋಡಲಿಲ್ಲ. ನನ್ನ ಕಾಲು ನೋಡಿದಳು.

"ತಮ್ಮಾ, ನೀನು ರಬ್ಬರ್ ಬೂಟು ಹಾಕ್ಕಂಡು ಬಂದೀಯ. ಡಾಕ್ಟ್ರಮ್ಮ ರಬ್ಬರ್ ಚಪ್ಪಲಿ ಹಾಕ್ತಾರೆ. ಈ ಹಸಿ ನೆಲದಾಗ ಬರಿಗಾಲಾಗೆ ನಿಲ್ಲಾಕಿ ನಾನೊಬ್ಬಳೇ. ನನಗಲ್ದೆ ಇನ್ಯಾರಿಗೆ ಹಿಡೀತೈತೆ?"

ನನಗೆ ಮುಖಕ್ಕೆ ಹೊಡೆದಂತಾಯಿತು. ವೈರ್‌ಮನ್ ಪರ್ಮಿಟ್ ಇದ್ದ ನನಗೆ ಹೊಳೆಯದ ಮಾತು ಅವಳಿಗೆ ಹೊಳೆದಿತ್ತು. ಜೇಬಿನಿಂದ ಟೆಸ್ಟರ್ ತೆಗೆದು ನಳಕ್ಕೆ ಹಿಡಿದೆ. ಒಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿತು.

"ನೀವು ಹೇಳಿದ್ದೇ ನಿಜ, ಆಯಮ್ಮ," ಎಂದೆ. ಸ್ವಿಚ್ ಆರಿಸಲು ತಿರುಗಿದವನಿಗೆ ಆಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಗೀಸರಿನ ಕೆಳಗೆ ಒಂದು ಸಣ್ಣ ಕೊಳವೆ ಇತ್ತು. ಅದರ ಬಾಯಿಗೆ ಯಾರೋ ಕಟ್ಟಿಗೆಯ ಬೆಣೆ ಹೊಡೆದಿದ್ದರು.

"ಇದನ್ನ ಯಾರು ಬಡಿದದ್ದು?"

"ಮಾಲಿ ಕೈಲಿ ನಾನೇ ಬಡಿಸ್ದೆ. ಮೊದ್ಲು ತೊಟ್ಟು ತೊಟ್ಟು ಸೋರ್ತಿತ್ತು. ನಿನ್ನೆ ಬುಸ್ ಅಂತ ಕುದಿಯೋ ನೀರು ಉಗೀತು. ಕೂಸಿನ ಮೈಮ್ಯಾಲೆ ಬಿದ್ರೆ ಏನು ಗತಿ ಅಂತ ಮುಚ್ಚಿಸ್ದೆ."

"ಇವತ್ತು ಸ್ವಿಚ್ ಯಾವಾಗ ಹಾಕಿದ್ರಿ?"

"ನಸುಕಿನಾಗೆ."

ಗೀಸರಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ನೀರು ಕಾದ ಮೇಲೆ ಥರ್ಮೋಸ್ಟಾಟ್ ಕರೆಂಟು ಕಡಿದು ಆ ದೀಪ ಆರಬೇಕು. ನಸುಕಿನಿಂದ ಆರಿರಲಿಲ್ಲ. ಕಿವಿಗೊಟ್ಟು ಕೇಳಿದೆ. ಒಳಗೆ ನೀರು ಗೊರಗೊರ ಎನ್ನುತ್ತಿತ್ತು. ಕಾವು ಮಿತಿಮೀರಿ ಒತ್ತಡ ಹೆಚ್ಚಿದರೆ ನೀರನ್ನು ಹೊರಗೆ ಬಿಡಲೆಂದೇ ಇರುವ ಸೇಫ್ಟಿ ವಾಲ್ವು ಅದು. ಅದರ ಬಾಯಿಗೇ ಬೆಣೆ.

ಓಡಿಹೋಗಿ ಮೇನ್ ಸ್ವಿಚ್ಚನ್ನೇ ಎಳೆದೆ. ಡಾಕ್ಟರಮ್ಮನ ಬಳಿ ಬಂದು, "ಬಚ್ಚಲದ ಗೋಡೆ ಆಚೆ ಯಾರಿದಾರ್ರಿ?" ಎಂದು ಕೇಳಿದೆ.

"ಹೆರಿಗೆ ಕೋಣೆ. ಸಾರಥಿ ಹಳ್ಳಿಯಿಂದ ಬಂದ ಹುಡುಗಿಗೆ ನೋವು ಶುರುವಾಗೈತೆ. ಯಾಕ್ರಿ?"

"ಕೂಡ್ಲೇ ಆಚೆ ಕಡೆ ಕೋಣೆಗೆ ಸಾಗಿಸ್ರಿ. ಗೀಸರು ಸಿಡಿದ್ರೆ ಈ ಗೋಡೆ ನಿಲ್ಲಂಗಿಲ್ಲ."

ಅವರು ಆಗಲೇ ಹೆರಿಗೆ ಕೋಣೆಗೆ ಓಡಿದರು. ಹುಡುಗಿಯ ಗಂಡ, ಮಾಲಿ, ನಾನು, ಮೂವರೂ ಮಂಚಕ್ಕೆ ಕೈಕೊಟ್ಟು ಪಡಸಾಲೆ ದಾಟಿಸಿ ತುದಿಯ ಕೋಣೆಗೆ ಸಾಗಿಸಿದೆವು. ಬಚ್ಚಲ ಬಾಗಿಲು ಎಳೆದು, ಯಾರೂ ಆ ಕಡೆ ಸುಳಿಯದಂತೆ ಬೆಂಚು ಅಡ್ಡ ಇಟ್ಟೆ. ಆಯಮ್ಮ ಬೆಣೆ ಕೀಳಲು ಹೊರಟಿದ್ದಳು. ತಡೆದೆ. "ಬ್ಯಾಡ ಆಯಮ್ಮ! ಈಗ ಬೆಣೆ ಕಿತ್ರೂ, ನಳ ತಿರುವಿದ್ರೂ ಕುದಿಯೋ ನೀರು, ಹಬೆ ಮುಖಕ್ಕೇ ಹೊಡೀತೈತೆ. ಕರೆಂಟು ತೆಗ್ದೈತೆ, ತಾನಾಗೇ ತಣ್ಣಗಾಗ್ಲಿ."

ಕಾಯುವುದೊಂದೇ ಉಳಿದಿತ್ತು. ಅಂಗಳದಲ್ಲಿ ಮೂರು ಕಲ್ಲು ಹೂಡಿ, ಮೂಲೆಗೆ ಸೇರಿದ್ದ ತಾಮ್ರದ ಹಂಡೆಯನ್ನು ಆಯಮ್ಮ ಒಲೆಗೇರಿಸಿದಳು. ಮಧ್ಯಾಹ್ನದ ಹೊತ್ತಿಗೆ ತುದಿಯ ಕೋಣೆಯಿಂದ ಕೂಸಿನ ಅಳು ಕೇಳಿತು. ಎಂಥ ಗಟ್ಟಿ ದನಿ! ಗಂಡ ಎದ್ದು ನಿಂತ, ಕೂತ, ಮತ್ತೆ ಎದ್ದ.

"ಹೆಣ್ಣು ಕೂಸು. ತಾಯಿ, ಮಗಳು ಚಲೋ ಅದಾರೆ," ಎಂದು ಡಾಕ್ಟರಮ್ಮ ಬಂದು ಹೇಳಿದರು.

ಆ ಮನುಷ್ಯನ ಸಂತೋಷ ಕೈಕಾಲಿಗೆ ಇಳಿದುಬಿಟ್ಟಿತು. ನನ್ನ ಹತ್ತಿರ ಬಂದು, "ಸುಮ್ನೆ ಕುಂದ್ರಾಕಾಗ್ವಲ್ದು ಅಣ್ಣಾ. ಏನಾದ್ರೂ ಕೆಲ್ಸ ಐತೇನು?" ಎಂದ.

ಕೆಲಸ ಇತ್ತು. ಗೀಸರಿನ ಗೊರಗೊರ ಸದ್ದು ಅಡಗಿದ ಮೇಲೆ ಗೋಡೆಯ ಸಾಕೆಟ್ ಬಿಚ್ಚಿ ನೋಡಿದ್ದೆ. ಮೂರನೇ ತೂತಿನ ಅರ್ಥ್ ತಂತಿ ಮರದ ಹಲಗೆಯ ಹಿಂದೆ ನಾಲ್ಕು ಬೆರಳು ಬಂದು ಅಲ್ಲೇ ಮುಗಿದಿತ್ತು. ಅರ್ಥಿಂಗ್ ಎಂಬುದೇ ಇರಲಿಲ್ಲ. ಹಿತ್ತಲಿನ ತೇವದ ಜಾಗ ತೋರಿಸಿ, "ಇಲ್ಲಿ ಆಳುದ್ದ ಗುಂಡಿ ಬೇಕಪ್ಪಾ," ಎಂದೆ.

ಗುದ್ದಲಿ ಹಿಡಿದ ಆ ರೈತನ ಕೈ ನೋಡಬೇಕಿತ್ತು! ನನಗೆ ದಿನವಿಡೀ ಹಿಡಿಯುವ ಕೆಲಸ ಅವನಿಗೆ ಹೊತ್ತು ಇಳಿಯುವುದರೊಳಗೆ ಮುಗಿದಿತ್ತು. ನಡುವೆ ಎರಡು ಸಲ ಕೈ ತೊಳೆದು ಮಗಳನ್ನು ನೋಡಿಬಂದ. ಗುಂಡಿಯೊಳಗಿನಿಂದಲೇ ಕೇಳಿದ: "ಈ ಗುಂಡಿ ಏನ್ ಮಾಡ್ತೈತಣ್ಣಾ?"

"ಗೀಸರಿನ ಮೈಗೆ ಕರೆಂಟು ಸೋರಿದ್ರೆ, ಅದು ಮನುಷ್ಯಾನ ಮೈಯಾಗ ಹಾಯೋದು ಬಿಟ್ಟು ಈ ತಂತಿ ಹಿಡ್ದು ಮಣ್ಣಿಗಿಳೀತೈತೆ. ಸೋರೋದು ಜಾಸ್ತಿ ಆದ್ರೆ ಫ್ಯೂಸ್ ಹಾರಿ ಕರೆಂಟೇ ನಿಂತೋಗ್ತೈತೆ."

"ಹಂಗಾದ್ರೆ ಇನ್ನೊಂದ್ ಮೊಳ ತೋಡ್ತೀನಿ ಬಿಡು," ಎಂದ. ತೋಡಿಯೇ ಬಿಟ್ಟ. ಗುಂಡಿಯ ನಡುವೆ ತೂತು ಕೊರೆದ ಕಬ್ಬಿಣದ ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ತುಂಬಿ ಮಣ್ಣೆಳೆದೆವು. ಬೇಸಿಗೆಯಲ್ಲಿ ಅಲ್ಲಿ ನೀರು ಹಾಕುತ್ತಿರಬೇಕು, ಒಣಗಿದ ಮಣ್ಣಿನಲ್ಲಿ ಕರೆಂಟು ಸರಿಯಾಗಿ ಇಳಿಯುವುದಿಲ್ಲ ಎಂದು ಆಯಮ್ಮನಿಗೆ ಹೇಳಿಕೊಟ್ಟೆ.

ಮರುದಿನ ಬಂದಾಗ ಗೀಸರು ಪೂರ್ತಿ ತಣ್ಣಗಿತ್ತು. ಬೆಣೆ ಕಿತ್ತೆ. ಒಳಗಿನ ನೀರು ಇಳಿಸಿ ಬಿಚ್ಚಿದೆ. ಥರ್ಮೋಸ್ಟಾಟಿನೊಳಗೆ ಕರೆಂಟು ಕೂಡಿಸಿ ಬಿಡಿಸುವ ಎರಡು ಬಿಲ್ಲೆಗಳು ಕರಗಿ ಒಂದಕ್ಕೊಂದು ಅಂಟಿದ್ದವು. ಹೀಟರಿನ ಕೊಳವೆಯಲ್ಲಿ ಕೂದಲೆಳೆಯಂಥ ಬಿರುಕು. ಅಲ್ಲಿಂದಲೇ ಕರೆಂಟು ನೀರಿಗೂ ತಗಡಿಗೂ ಹತ್ತುತ್ತಿತ್ತು. ಹೊಸ ಹೀಟರ್, ಥರ್ಮೋಸ್ಟಾಟ್, ವಾಲ್ವು ಬೆಂಗಳೂರಿನಿಂದ ಬರಲು ಒಂದು ವಾರವೇ ಹಿಡಿಯಿತು. ತಾಯಿ, ಕೂಸು ಇನ್ನೂ ಆಸ್ಪತ್ರೆಯಲ್ಲೇ ಇದ್ದರು.

ಎಲ್ಲ ಕೂಡಿಸಿದ ದಿನ ಬಚ್ಚಲ ಬಾಗಿಲಲ್ಲಿ ಜನವೋ ಜನ. ಮೊದಲು ಕರೆಂಟು ಬರುವ ಫೇಸ್ ತಂತಿಗೂ ಅರ್ಥ್ ತಂತಿಗೂ ನಡುವೆ ಬಲ್ಬು ಹಿಡಿದೆ. ಝಗ್ ಎಂದು ಪೂರ್ತಿ ಉರಿಯಿತು. ಮಣ್ಣು ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತಿತ್ತು. ಗೀಸರು ಹಾಕಿ ನಳಕ್ಕೆ ಟೆಸ್ಟರ್ ಹಿಡಿದರೆ ದೀಪ ಹೊತ್ತಲಿಲ್ಲ. ಡಾಕ್ಟರಮ್ಮ ಗಡಿಯಾರ ಹಿಡಿದು ನಿಂತರು. ಎಲ್ಲರೂ ಕೆಂಪು ದೀಪವನ್ನೇ ನೋಡುತ್ತಿದ್ದೆವು. ಬಹಳ ಹೊತ್ತಾದ ಮೇಲೆ ಟಕ್ ಎಂದಿತು. ದೀಪ ಆರಿತು. ಯಾರೋ ಚಪ್ಪಾಳೆ ತಟ್ಟಿದರು.

"ಇನ್ನು ಇದರಾಗ ತೊಟ್ಟು ನೀರು ಸೋರಿದ್ರೆ ಗಾಬರಿ ಆಗ್ಬ್ಯಾಡ್ರಿ. ನೀರು ಕಾಯುವಾಗ ಹಿಗ್ಗಿ ಅಷ್ಟು ಬರ್ತೈತೆ. ಬುಸ್ ಅಂದ್ರೆ ಮಾತ್ರ ಮೇನ್ ಆರ್ಸಿ ನನಗ್ ಹೇಳಿಕಳಿಸ್ರಿ. ಮುಚ್ಚೋದು ಮಾತ್ರ ಬ್ಯಾಡ," ಎಂದೆ.

"ಮುಚ್ಚಾಕ ಬಂದವ್ರ ಕೈ ಮುರೀತೀನಿ," ಎಂದಳು ಆಯಮ್ಮ.

ಆಮೇಲೆ ಬಿಸಿನೀರನ್ನು ಬಕೀಟಿಗೆ ಬಿಟ್ಟುಕೊಂಡು, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ಹದ ನೋಡಿದಳು. ಕಾಲು ಚಾಚಿ ಕೂತು ಸಾರಥಿಯ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹೊಯ್ದಳು. ಕೂಸು ಮೊದಲ ಚೊಂಬಿಗೆ ಕಿರುಚಿತು, ಎರಡನೆಯದಕ್ಕೆ ಸುಮ್ಮನಾಯಿತು, ಮೂರನೆಯದಕ್ಕೆ ಬಾಯಿ ತೆರೆದು ಆಕಳಿಸಿತು. ಅದರಪ್ಪ ಬಾಗಿಲಲ್ಲಿ ನಿಂತು ಎಷ್ಟು ಜೋರಾಗಿ ನಕ್ಕನೆಂದರೆ, ಡಾಕ್ಟರಮ್ಮ ಅವನನ್ನು ಗದರಿಸಿ ಅಂಗಳಕ್ಕೆ ಕಳಿಸಬೇಕಾಯಿತು.